ಗಡಿಯ ಎರಡು ಬದಿಯ ತೊಗರಿ: ಜಿಐ ಹೆಸರು ಯಾರು ಬಳಸಬಹುದು, ಸಾಮೂಹಿಕ ಗುರುತು ಯಾವಾಗ ಬೇಕು

ನಮ್ಮ ಸದಸ್ಯರಿರುವ ಊರುಗಳಲ್ಲಿ ಜಿಐ ಮಾನ್ಯತೆ ಪಡೆದ ಸರಕುಗಳು ಕಡಿಮೆಯೇನಿಲ್ಲ. ಸೊಲ್ಲಾಪುರದ ಚಾದರ, ಮಂಗಳವೇಢೆಯ ಜೋಳ, ಕಾಸರಗೋಡಿನ ಸೀರೆ, ವಯನಾಡಿನ ಜೀರಕಸಾಲೆ ಮತ್ತು ಗಂಧಕಸಾಲೆ ಅಕ್ಕಿ, ನಾರಾಯಣಪೇಟೆಯ ಕೈಮಗ್ಗದ ಸೀರೆ, ತಾಂಡೂರಿನ ತೊಗರಿ ಎಲ್ಲವೂ ಈ ಪಟ್ಟಿಯಲ್ಲಿವೆ. ಆದರೂ ಬೆಳೆಗಾರರ ಗುಂಪುಗಳು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಊರಿನ ಸರಕಿಗೆ ಜಿಐ ಸಿಕ್ಕಿದೆಯಲ್ಲ, ಇನ್ನು ಆ ಹೆಸರನ್ನು ನಮ್ಮ ಚೀಲದ ಮೇಲೆ ಅಚ್ಚು ಹಾಕಿಸಬಹುದೇ?"

ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಹೆಸರಿಗೆ ನೋಂದಣಿ ಸಿಗುವುದು ಬೇರೆ, ಆ ಹೆಸರನ್ನು ಬಳಸುವ ಹಕ್ಕು ಒಬ್ಬ ಬೆಳೆಗಾರನಿಗೋ ಗುಂಪಿಗೋ ಸಿಗುವುದು ಬೇರೆ. ಗಡಿಯ ಮೇಲಿರುವ ನಮಗೆ ಇದರ ಜೊತೆಗೆ ಇನ್ನೊಂದು ತೊಡಕಿದೆ. ಒಂದೇ ನೆಲ, ಒಂದೇ ಬೆಳೆ, ಆದರೆ ರಾಜ್ಯದ ಗೆರೆಯ ಆಚೆ ಒಂದು ಹೆಸರು, ಈಚೆ ಇನ್ನೊಂದು ಹೆಸರು. ಇದನ್ನು ತೊಗರಿಯ ಉದಾಹರಣೆಯಿಂದ ನೋಡಿದರೆ ಉಳಿದ ಸರಕುಗಳ ದಾರಿಯೂ ಸ್ಪಷ್ಟವಾಗುತ್ತದೆ. ಅದಕ್ಕಾಗಿ ಈ ಲೇಖನದಲ್ಲಿ ತೊಗರಿಯನ್ನೇ ಹಿಡಿದಿದ್ದೇವೆ.

ಒಂದು ಜಿಲ್ಲೆ ಎರಡಾದ ಕಥೆ

1956ರ ನವೆಂಬರ್ 1ರವರೆಗೆ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಗುಲ್ಬರ್ಗಾ ಜಿಲ್ಲೆಯನ್ನು ಹೊಸ ಮೈಸೂರು ರಾಜ್ಯಕ್ಕೆ ಸೇರಿಸುವಾಗ ಈ ಎರಡು ತಾಲೂಕುಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಸೇರಿಸಿತು. ಬಿಟ್ಟುಹೋದ ಭಾಗ ಆಂಧ್ರ ಪ್ರದೇಶಕ್ಕೆ ಹೋಯಿತು. ಈಗ ಅದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿದೆ. ಆದರೆ ಎರೆ ಭೂಮಿ ಹಾಗೆಯೇ ಮುಂದುವರಿಯಿತು. ಅದರ ಕೆಳಗಿನ ಸುಣ್ಣದ ಕಲ್ಲಿನ ಪದರವೂ ಮುಂದುವರಿಯಿತು. ನೆಲಕ್ಕೆ ಹಾಸುವ ಕಲ್ಲನ್ನು ಈ ಕಡೆ ಶಹಾಬಾದ್ ಕಲ್ಲು ಎನ್ನುತ್ತೇವೆ, ಆ ಕಡೆ ತಾಂಡೂರು ಕಲ್ಲು ಎನ್ನುತ್ತಾರೆ. ಎರಡೂ ಸುಣ್ಣದ ಕಲ್ಲೇ. ತೊಗರಿಯ ವಿಷಯದಲ್ಲೂ ಹಾಗೇ ಆಗಿದೆ.

"ಗುಲ್ಬರ್ಗಾ ತೂರ್ ದಾಲ್" ಎಂಬ ಹೆಸರಿಗೆ 2019ರಲ್ಲಿ ಜಿಐ ನೋಂದಣಿ ಸಿಕ್ಕಿತು. "ತಾಂಡೂರ್ ರೆಡ್‌ಗ್ರಾಂ" ಹೆಸರಿಗೆ 2022ರ ಡಿಸೆಂಬರ್‌ನಲ್ಲಿ ಸಿಕ್ಕಿತು. ತಾಂಡೂರಿನ ಅರ್ಜಿ ಹಾಕಿದ್ದು ಯಾಲಾಲದ ರೈತ ಉತ್ಪಾದಕರ ಕಂಪನಿ. ಅಲ್ಲಿನ ತೊಗರಿಯ ಗುಣಕ್ಕೆ ಕಾರಣವೆಂದು ತೋರಿಸಿದ್ದು ಆಳವಾದ ಕಪ್ಪು ಮಣ್ಣು, ಅದರಲ್ಲಿರುವ ಅಟಾಪಲ್ಗೈಟ್ ಎಂಬ ಜೇಡಿ ಖನಿಜ ಮತ್ತು ಸುಣ್ಣದ ಕಲ್ಲಿನ ನಿಕ್ಷೇಪ. ಜಿಐ ಎಂದರೆ ಮೂಲತಃ ಇದೇ. ಸರಕಿನ ಗುಣ, ಹೆಸರು ಅಥವಾ ವೈಶಿಷ್ಟ್ಯಕ್ಕೂ ಅದು ಬರುವ ನೆಲಕ್ಕೂ ಸಂಬಂಧವಿದೆ ಎಂದು ಸಾಧಿಸಿ, ಆ ನೆಲದ ಗಡಿಯನ್ನು ನಕ್ಷೆಯಲ್ಲಿ ಗುರುತಿಸುವುದು.

ಇಲ್ಲಿ ಎರಡು ಚಿಕ್ಕ ಸಂಗತಿ ನೆನಪಿರಲಿ. ಗುಲ್ಬರ್ಗಾ ಜಿಲ್ಲೆಯ ಹೆಸರು 2014ರಿಂದ ಕಲಬುರಗಿ. ಆದರೆ ನೋಂದಣಿಯಾದ ಹೆಸರಿನಲ್ಲಿರುವುದು "ಗುಲ್ಬರ್ಗಾ" ಎಂದೇ. ಜಿಐ ಹೆಸರು ಹಾಕುವವರು ರಿಜಿಸ್ಟರಿನಲ್ಲಿರುವ ಹೆಸರನ್ನೇ ಹಾಕಬೇಕು. ಎರಡನೆಯದು, ಜಿಲ್ಲೆಯ ಗಡಿ ಆಮೇಲೆ ಬದಲಾದರೂ ಜಿಐ ಪ್ರದೇಶ ತಾನಾಗಿ ಬದಲಾಗುವುದಿಲ್ಲ. ನೋಂದಣಿಯ ಸಮಯದಲ್ಲಿ ಕೊಟ್ಟ ನಕ್ಷೆಯೇ ಅಳತೆಗೋಲು.

ಮೊದಲು ಓದಬೇಕಾದ ಕಾಗದ

ಜಿಐ ಕಾಯ್ದೆ 1999ರದು. ಅದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಇಡೀ ದೇಶಕ್ಕೆ ಇದರ ರಿಜಿಸ್ಟ್ರಿ ಒಂದೇ, ಚೆನ್ನೈನ ಗಿಂಡಿಯಲ್ಲಿದೆ. ಪ್ರತಿ ಅರ್ಜಿಯನ್ನೂ ನೋಂದಣಿಗೆ ಮೊದಲು ಜಿಐ ಜರ್ನಲ್ ಎಂಬ ಪತ್ರಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸುತ್ತಾರೆ. ಆಕ್ಷೇಪವಿದ್ದವರು ಮೂರು ತಿಂಗಳೊಳಗೆ ಹೇಳಬೇಕು. ಕೇಳಿಕೊಂಡರೆ ಇನ್ನೊಂದು ತಿಂಗಳು ಸಿಗಬಹುದು. ಜರ್ನಲ್ `ipindia.gov.in` ತಾಣದಲ್ಲಿ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಹುಡುಕುವಾಗ ಹೆಸರನ್ನು ಇಂಗ್ಲಿಷಿನಲ್ಲಿ `Gulbarga Tur Dal` ಅಥವಾ `Tandur Redgram` ಎಂದು ಹಾಕಬೇಕು.

ಬಹಳ ಗುಂಪುಗಳು ಪತ್ರಿಕೆಯಲ್ಲಿ ಬಂದ ಸುದ್ದಿ ಓದಿ ತೃಪ್ತರಾಗುತ್ತವೆ, ಜರ್ನಲ್ಲಿನ ಪುಟ ತೆರೆಯುವುದಿಲ್ಲ. ಅಲ್ಲಿ ನೋಡಬೇಕಾದದ್ದು ಮೂರು.

ಮೊದಲನೆಯದು ನಕ್ಷೆ. "ತಾಂಡೂರು ಸುತ್ತಮುತ್ತ" ಎಂದು ಯಾರೋ ಹೇಳಿದ್ದು ಸಾಲದು. ನಿಮ್ಮ ಮಂಡಲ ಅಥವಾ ತಾಲೂಕಿನ ಹೆಸರು ಪಟ್ಟಿಯಲ್ಲಿದೆಯೇ, ನಿಮ್ಮ ಊರು ಗೆರೆಯ ಒಳಗಿದೆಯೇ ನೋಡಬೇಕು. ಗೆರೆಯ ಆಚೆ ಒಂದು ಹೊಲ ಇದ್ದರೂ ಆ ಹೊಲದ ಕಾಳಿಗೆ ಆ ಹೆಸರಿಲ್ಲ. ರೈತ ಎಲ್ಲಿ ವಾಸ ಮಾಡುತ್ತಾನೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಬೆಳೆ ಬೆಳೆದ ಹೊಲ ಎಲ್ಲಿದೆ ಎಂಬುದೇ ಲೆಕ್ಕ. ತಾಂಡೂರಿನಲ್ಲಿ ಮನೆ, ಚಿಂಚೋಳಿ ತಾಲೂಕಿನಲ್ಲಿ ಹೊಲ ಇರುವ ಕುಟುಂಬಗಳು ನಮ್ಮಲ್ಲಿವೆ. ಆ ಹೊಲದ ತೊಗರಿ ತಾಂಡೂರಿನದಾಗುವುದಿಲ್ಲ.

ಎರಡನೆಯದು ಸರಕಿನ ವಿವರಣೆ. ನೋಂದಣಿ ಕಾಳಿಗೋ, ಬೇಳೆಗೋ, ಎರಡಕ್ಕೋ? ಯಾವ ಗುಣ, ಯಾವ ಬಗೆಯ ಬೀಜ ಎಂದು ಬರೆದಿದ್ದಾರೆ? ಕಾಯ್ದೆಯ ಪ್ರಕಾರ ತಯಾರಿಸಿದ ಸರಕಾದರೆ ಉತ್ಪಾದನೆ, ಸಂಸ್ಕರಣೆ, ತಯಾರಿ ಇವುಗಳಲ್ಲಿ ಒಂದಾದರೂ ಆ ಪ್ರದೇಶದಲ್ಲಿ ನಡೆದಿರಬೇಕು. ಇದನ್ನು ಕೇಳಿ ಕೆಲವು ದಾಲ್ ಮಿಲ್ಲಿನವರು, ಬೇರೆ ಕಡೆಯ ತೊಗರಿ ತಂದು ಇಲ್ಲಿ ಒಡೆದರೂ ಹೆಸರು ಹಾಕಬಹುದು ಎಂದುಕೊಳ್ಳುತ್ತಾರೆ. ಆದರೆ ತಾಂಡೂರಿನಂತೆ ಗುಣಕ್ಕೆ ಕಾರಣ ಮಣ್ಣು ಎಂದು ಹೇಳಿ ಪಡೆದ ಹೆಸರನ್ನು ಆ ಮಣ್ಣು ಕಾಣದ ಕಾಳಿಗೆ ಹಾಕಿದರೆ, ನೋಂದಣಿಯ ಬುಡಕ್ಕೇ ಕೊಡಲಿ ಹಾಕಿದಂತೆ. ಸಂಶಯ ಬಂದರೆ ಜರ್ನಲ್ಲಿನ ವಿವರಣೆಯ ಮಾತೇ ಕೊನೆಯ ಮಾತು.

ಮೂರನೆಯದು ತಪಾಸಣೆಯ ವ್ಯವಸ್ಥೆ. ಹೆಸರು ಬಳಸುವವರ ಸರಕನ್ನು ಯಾರು, ಹೇಗೆ ನೋಡುತ್ತಾರೆ ಎಂದು ಅರ್ಜಿಯಲ್ಲಿ ಬರೆದಿರುತ್ತಾರೆ. ಆ ಸಮಿತಿ ನಿಜವಾಗಿ ಸೇರುತ್ತಿದೆಯೇ ಎಂದು ಕೇಳಿ ತಿಳಿಯಿರಿ. ಕಾಗದದ ಮೇಲೆ ಮಾತ್ರ ಇರುವ ಸಮಿತಿ ನಿಮ್ಮ ಸರಕಿಗೆ ಸಾಕ್ಷಿ ಹೇಳಲಾರದು.

ಭಾಗ ಎ, ಭಾಗ ಬಿ

ಜಿಐ ರಿಜಿಸ್ಟರಿನಲ್ಲಿ ಎರಡು ಭಾಗಗಳಿವೆ. ಭಾಗ ಎ ಯಲ್ಲಿ ಹೆಸರು, ಅದರ ನಕ್ಷೆ, ನೋಂದಾಯಿತ ಮಾಲೀಕರು ಇರುತ್ತಾರೆ. ಭಾಗ ಬಿ ಯಲ್ಲಿ ಆ ಹೆಸರಿನ ಅಧಿಕೃತ ಬಳಕೆದಾರರು ಒಬ್ಬೊಬ್ಬರಾಗಿ ದಾಖಲಾಗುತ್ತಾರೆ. ಪತ್ರಿಕೆಯಲ್ಲಿ "ಜಿಐ ಸಿಕ್ಕಿತು" ಎಂದು ಬರುವ ಸುದ್ದಿ ಭಾಗ ಎ ಯದು. ನಿಮ್ಮ ಚೀಲದ ಮೇಲೆ ಹೆಸರು ಹಾಕುವ ಹಕ್ಕು ಬರುವುದು ಭಾಗ ಬಿ ಯಿಂದ. ನಮ್ಮ ಊರುಗಳಲ್ಲಿ ಎಡವುವುದು ಇಲ್ಲೇ.

ಹೆಸರಿನ ಮಾಲೀಕರಾದವರು ಒಂದು ಸಂಘವೋ, ಮಂಡಳಿಯೋ, ಕಂಪನಿಯೋ ಆಗಿರಬಹುದು. ಆದರೆ ಅದು ಅವರ ಸ್ವಂತ ಆಸ್ತಿಯಲ್ಲ. ಅವರು ಅದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಬೇರೆಯವರಿಗೆ ಪರವಾನಗಿ ಕೊಟ್ಟು ದುಡ್ಡು ಎಣಿಸುವಂತಿಲ್ಲ. ಆ ಪ್ರದೇಶದ ಎಲ್ಲ ಉತ್ಪಾದಕರ ಪರವಾಗಿ ಹೆಸರನ್ನು ಹಿಡಿದವರು ಅವರು. ಆದ್ದರಿಂದ ನಕ್ಷೆಯೊಳಗೆ, ವಿವರಣೆಗೆ ತಕ್ಕ ಸರಕು ಬೆಳೆಯುವವರು ಯಾರೇ ಆಗಲಿ ಅಧಿಕೃತ ಬಳಕೆದಾರರಾಗಲು ಅರ್ಜಿ ಹಾಕಬಹುದು. ಮಾಲೀಕ ಕಂಪನಿಯ ಷೇರು ತೆಗೆದುಕೊಂಡಿರಬೇಕು ಎಂದು ಕಾಯ್ದೆ ಹೇಳುವುದಿಲ್ಲ.

ಉತ್ಪಾದಕ ಎಂದರೆ ರೈತ ಮಾತ್ರವಲ್ಲ. ಕೃಷಿ ಸರಕಿನಲ್ಲಿ ಬೆಳೆಯುವವರ ಜೊತೆಗೆ ಅದನ್ನು ಸಂಸ್ಕರಿಸುವವರು, ಪೊಟ್ಟಣ ಮಾಡುವವರೂ ಕಾಯ್ದೆಯ ಅರ್ಥದಲ್ಲಿ ಸೇರುತ್ತಾರೆ. ಹಾಗಾಗಿ ಸದಸ್ಯರ ತೊಗರಿ ಕೊಂಡು ಬೇಳೆ ಮಾಡಿ ಪೊಟ್ಟಣ ತುಂಬುವ ಗುಂಪು ತನ್ನ ಹೆಸರಿನಲ್ಲೇ ಅರ್ಜಿ ಹಾಕಬಹುದು. ಆದರೆ ಗುಂಪಿಗೆ ಸಿಕ್ಕ ಹಕ್ಕು ಸದಸ್ಯರಿಗೆ ತಾನಾಗಿ ಹರಿಯುವುದಿಲ್ಲ. ಒಬ್ಬ ಸದಸ್ಯ ತಾನೇ ಜಾತ್ರೆಯಲ್ಲಿ ಅಂಗಡಿ ಹಾಕಿ ಆ ಹೆಸರಿನಲ್ಲಿ ಮಾರುವುದಾದರೆ ಅವನ ಹೆಸರೂ ಭಾಗ ಬಿ ಯಲ್ಲಿ ಇರಬೇಕು.

ಅರ್ಜಿಯ ನಮೂನೆ ಜಿಐ-3. ಇದಕ್ಕೆ 500 ರೂಪಾಯಿ ಇದ್ದ ಶುಲ್ಕವನ್ನು 2020ರ ತಿದ್ದುಪಡಿಯಲ್ಲಿ 10 ರೂಪಾಯಿಗೆ ಇಳಿಸಿದರು. ಮೊದಲು ಮಾಲೀಕರೂ ಅರ್ಜಿದಾರರೂ ಸೇರಿ ಅರ್ಜಿ ಹಾಕಬೇಕಿತ್ತು. ಆ ತಿದ್ದುಪಡಿಯ ನಂತರ ಉತ್ಪಾದಕ ತಾನೇ ಹಾಕಬಹುದು. ಹಾಗಾಗಿ "ಅವರ ಸಹಿ ಸಿಗಲಿಲ್ಲ" ಎಂದು ಕೈಕಟ್ಟಿ ಕೂರುವ ಕಾಲ ಹೋಯಿತು. ಅರ್ಜಿಯ ಜೊತೆ ತಾನು ಹೇಗೆ ಆ ಸರಕಿನ ಉತ್ಪಾದಕ ಎಂಬ ಹೇಳಿಕೆ ಇರಬೇಕು. ರೈತನಾದರೆ ಪಹಣಿ ಅಥವಾ ಪಟ್ಟಾದಾರ್ ಪಾಸ್ ಪುಸ್ತಕ, ಬೆಳೆ ದಾಖಲೆ, ಗುರುತಿನ ಚೀಟಿ ಇಟ್ಟುಕೊಂಡರೆ ಆ ಹೇಳಿಕೆಗೆ ಬಲ. ಪಹಣಿಯಲ್ಲಿ ತೀರಿಹೋದ ತಂದೆಯ ಹೆಸರೇ ಇದ್ದರೆ, ಅರ್ಜಿಗೆ ಮೊದಲು ಖಾತೆ ಸರಿ ಮಾಡಿಸುವುದು ಒಳ್ಳೆಯದು. ಈ ಅರ್ಜಿಯೂ ಜರ್ನಲ್ಲಿನಲ್ಲಿ ಪ್ರಕಟವಾಗಿ, ಆಕ್ಷೇಪದ ಅವಧಿ ಮುಗಿದ ಮೇಲೆಯೇ ದಾಖಲಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ರಾಶಿ ಮಾಡಿ ಸಂಕ್ರಾಂತಿಗೆ ಮಾರಬೇಕೆಂದಿರುವವರು ಬಿತ್ತನೆಯ ಕಾಲಕ್ಕೆ ಅರ್ಜಿ ಹಾಕಿಬಿಡಬೇಕು. ಅಕ್ಟೋಬರ್‌ನಲ್ಲಿ ಎದ್ದರೆ ಆ ವರ್ಷಕ್ಕೆ ತಡವಾದಂತೆ.

ಅವಧಿಯ ಒಂದು ಮಾತು. ಜಿಐ ನೋಂದಣಿ ಹತ್ತು ವರ್ಷದ್ದು, ನವೀಕರಿಸುತ್ತಾ ಹೋಗಬಹುದು. ನೋಂದಣಿಯ ದಿನಾಂಕ ಎಂದರೆ ಅರ್ಜಿ ಹಾಕಿದ ದಿನಾಂಕ. ಪ್ರಮಾಣಪತ್ರ ಕೈಗೆ ಬಂದ ದಿನವಲ್ಲ. ಅಧಿಕೃತ ಬಳಕೆದಾರರ ನೋಂದಣಿಯೂ ಹತ್ತು ವರ್ಷ, ಆದರೆ ಮೂಲ ಜಿಐ ಅದಕ್ಕಿಂತ ಮೊದಲು ಮುಗಿದರೆ ಇದೂ ಅದರೊಂದಿಗೇ ಮುಗಿಯುತ್ತದೆ. ನೋಂದಣಿಯ ಎಂಟನೆಯ ವರ್ಷದಲ್ಲಿ ಸೇರಿಕೊಂಡವರಿಗೆ ಇರುವುದು ಎರಡೇ ವರ್ಷ ಎಂದು ತಿಳಿದು, ಮಾಲೀಕರು ನವೀಕರಿಸುತ್ತಾರೆಯೇ ಎಂದು ಕೇಳುತ್ತಿರಬೇಕು. ಅಧಿಕೃತ ಬಳಕೆದಾರ ತೀರಿಕೊಂಡರೆ ಹಕ್ಕು ಅವನ ವಾರಸುದಾರರಿಗೆ ಬರುತ್ತದೆ, ಆದರೆ ಮಾರಾಟ ಮಾಡುವ ಹಕ್ಕಲ್ಲ ಅದು.

ಇಷ್ಟೆಲ್ಲ ಏಕೆ? ಹೆಸರಿನ ದುರ್ಬಳಕೆ ಆದಾಗ ಕೋರ್ಟಿಗೆ ಹೋಗುವ ಹಕ್ಕು ಕಾಯ್ದೆಯಲ್ಲಿ ನೋಂದಾಯಿತ ಮಾಲೀಕರಿಗೂ ಅಧಿಕೃತ ಬಳಕೆದಾರರಿಗೂ ಇದೆ. ಭಾಗ ಬಿ ಯಲ್ಲಿ ಇಲ್ಲದ ರೈತ, ಅದೇ ನೆಲದಲ್ಲಿ ಮೂರು ತಲೆಮಾರಿನಿಂದ ಬೆಳೆಯುತ್ತಿದ್ದರೂ, ಈ ಕಾಯ್ದೆಯಡಿ ದಾವೆ ಹೂಡಲು ನಿಲ್ಲುವ ಜಾಗವೇ ಇಲ್ಲ.

ಸಾಮೂಹಿಕ ಗುರುತು ಬೇರೆ ಕಾಯ್ದೆಯದು

ಈಗ ಎರಡನೆಯ ಉಪಕರಣಕ್ಕೆ ಬರೋಣ. ಸಾಮೂಹಿಕ ಗುರುತು ಎಂದರೆ ಒಂದು ಸಂಘದ ಸದಸ್ಯರ ಸರಕನ್ನು ಉಳಿದವರ ಸರಕಿನಿಂದ ಬೇರ್ಪಡಿಸಿ ತೋರಿಸುವ ಟ್ರೇಡ್‌ಮಾರ್ಕ್. ಅದರ ಮಾಲೀಕತ್ವ ಸಂಘದ್ದು, ಬಳಕೆ ಸದಸ್ಯರದು. ಇದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಪಾಲುದಾರಿಕೆ ಸಂಸ್ಥೆಗೆ ಇದನ್ನು ಕೊಡುವುದಿಲ್ಲ.

ಜಿಐ ಹೇಳುವುದು "ಈ ಸರಕು ಈ ನೆಲದ್ದು" ಎಂದು. ಸಾಮೂಹಿಕ ಗುರುತು ಹೇಳುವುದು "ಈ ಸರಕು ಈ ಸಂಘದವರದು, ಸಂಘದ ನಿಯಮಕ್ಕೆ ಒಳಪಟ್ಟದ್ದು" ಎಂದು. ಜಿಐ ನಕ್ಷೆಯೊಳಗಿನ ಯಾವ ಉತ್ಪಾದಕರನ್ನೂ ನೀವು ಹೊರಗಿಡಲಾಗದು. ಸಾಮೂಹಿಕ ಗುರುತಿನಲ್ಲಿ ಯಾರು ಸದಸ್ಯರು ಎಂದು ನಿಮ್ಮ ನಿಯಮ ಹೇಳುತ್ತದೆ. ಜಿಐ ಗೆರೆ ರಾಜ್ಯದ ಗೆರೆಯಂತೆ ನಿಲ್ಲುತ್ತದೆ. ಸಾಮೂಹಿಕ ಗುರುತಿಗೆ ಆ ಗೆರೆ ಇಲ್ಲ. ಗಡಿಯ ಎರಡೂ ಬದಿಯ ಸದಸ್ಯರಿರುವ ಸಂಘಕ್ಕೆ ಇದರ ಉಪಯೋಗ ಇಲ್ಲೇ ಇದೆ.

ಅರ್ಜಿ ಟಿಎಂ-ಎ ನಮೂನೆಯಲ್ಲಿ, ಸರಕಿನ ಪ್ರತಿ ವರ್ಗಕ್ಕೂ ಬೇರೆ ಶುಲ್ಕ. ಆನ್‌ಲೈನ್ ಅರ್ಜಿಗೆ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮವಾದರೆ 4,500 ರೂಪಾಯಿ, ಉಳಿದವರಿಗೆ 9,000 ರೂಪಾಯಿ ಎಂದು 2017ರ ನಿಯಮಗಳಲ್ಲಿದೆ. ಕಾಳು ಮತ್ತು ಬೇಳೆ ಬೇರೆ ವರ್ಗದಲ್ಲಿ ಬರಬಹುದಾದ್ದರಿಂದ ಯಾವುದನ್ನು ಮಾರುತ್ತೀರಿ ಎಂದು ಮೊದಲೇ ನಿರ್ಧರಿಸಿ. ಆಕ್ಷೇಪದ ಅವಧಿ ಇಲ್ಲಿ ನಾಲ್ಕು ತಿಂಗಳು.

ಈ ಅರ್ಜಿಯ ಜೀವಾಳ ಶುಲ್ಕದಲ್ಲಿಲ್ಲ, ಅದರೊಂದಿಗೆ ಸಲ್ಲಿಸುವ ಬಳಕೆಯ ನಿಯಮಾವಳಿಯಲ್ಲಿದೆ. ಯಾರು ಬಳಸಬಹುದು, ಸದಸ್ಯತ್ವದ ಷರತ್ತೇನು, ಯಾವ ಷರತ್ತಿನ ಮೇಲೆ ಗುರುತು ಹಾಕಬಹುದು, ತಪ್ಪಿದರೆ ಏನು ಶಿಕ್ಷೆ ಎಂದು ಅದರಲ್ಲಿ ಬರೆಯಬೇಕು. "ಗುಣಮಟ್ಟ ಚೆನ್ನಾಗಿರಬೇಕು" ಎಂದು ಬರೆದರೆ ಏನೂ ಬರೆಯದಂತೆಯೇ. ತೊಗರಿಯಲ್ಲಿ ತೇವಾಂಶ ಶೇ. 12ಕ್ಕಿಂತ ಹೆಚ್ಚಿರಬಾರದು, ಹಳೆಯ ವರ್ಷದ ಕಾಳು ಬೆರೆಸಬಾರದು, ಬೇಳೆಗೆ ಬಣ್ಣ ಹಾಕಬಾರದು, ಮೊದಲ ತಪ್ಪಿಗೆ ಆ ಸುಗ್ಗಿಯ ಬಳಕೆ ನಿಲ್ಲಿಸುವುದು, ಎರಡನೆಯದಕ್ಕೆ ಸದಸ್ಯತ್ವ ರದ್ದು ಎಂದು ಅಳೆಯಬಹುದಾದ ಮಾತಿನಲ್ಲಿ ಬರೆಯಿರಿ.

ಗುರುತಿನಲ್ಲಿ ಊರಿನ ಹೆಸರು ಹಾಕುವ ಆಸೆ ಬೇಡ. ನೋಂದಣಿಯಾದ ಜಿಐ ಹೆಸರನ್ನು ಟ್ರೇಡ್‌ಮಾರ್ಕಿನೊಳಗೆ ತುರುಕಿದರೆ ತಿರಸ್ಕಾರಕ್ಕೆ ದಾರಿ. ಬರಿಯ ಸ್ಥಳನಾಮವೂ ಸರಕು ಎಲ್ಲಿಂದ ಬಂತೆಂದು ಹೇಳುವ ಪದವಾದ್ದರಿಂದ ನಿಲ್ಲುವುದು ಕಷ್ಟ. ಒಂದು ಚಿತ್ರ, ಒಂದು ಬೇರೆ ಪದ ಆರಿಸುವುದೇ ಲೇಸು.

ಎಲ್ಲ ಗುಂಪಿಗೂ ಸಾಮೂಹಿಕ ಗುರುತು ಬೇಕೇ? ಇಲ್ಲ. ಗುಂಪೇ ಎಲ್ಲವನ್ನೂ ಕೊಂಡು, ತನ್ನ ಬಿಲ್ಲಿನಲ್ಲಿ, ತನ್ನ ಪೊಟ್ಟಣದಲ್ಲಿ ಮಾರುವುದಾದರೆ ಗುಂಪಿನ ಹೆಸರಿನ ಸಾಮಾನ್ಯ ಟ್ರೇಡ್‌ಮಾರ್ಕ್ ಸಾಕು. ಸದಸ್ಯರು ಬೇರೆ ಬೇರೆಯಾಗಿ ತಮ್ಮ ತಮ್ಮ ಲೆಕ್ಕದಲ್ಲಿ ಮಾರಿ, ಎಲ್ಲರ ಪೊಟ್ಟಣದ ಮೇಲೂ ಒಂದೇ ಗುರುತು ಇರಬೇಕೆಂದಾಗ ಸಾಮೂಹಿಕ ಗುರುತು ಬೇಕಾಗುತ್ತದೆ. ಏನೇ ಮಾಡಿದರೂ ಗುರುತನ್ನು ಅಧ್ಯಕ್ಷರ ಸ್ವಂತ ಹೆಸರಿನಲ್ಲಿ ನೋಂದಾಯಿಸಬೇಡಿ. ಶುಲ್ಕ ಅರ್ಧವಾಗುತ್ತದೆ ಎಂದು ಹಾಗೆ ಮಾಡಿದರೆ, ಅಧ್ಯಕ್ಷರು ಬಿಟ್ಟುಹೋದ ದಿನ ಗುರುತೂ ಅವರೊಂದಿಗೆ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ

ಒಂದು ಗುಂಪನ್ನು ಕಲ್ಪಿಸಿಕೊಳ್ಳೋಣ. 200 ಸದಸ್ಯರು. 120 ಮಂದಿಯ ಹೊಲ ತಾಂಡೂರು ನಕ್ಷೆಯೊಳಗೆ, 80 ಮಂದಿಯ ಹೊಲ ಗುಲ್ಬರ್ಗಾ ನಕ್ಷೆಯೊಳಗೆ. ಪ್ರತಿಯೊಬ್ಬರಿಗೂ 3 ಎಕರೆ ತೊಗರಿ, ಮಳೆಯಾಶ್ರಯದಲ್ಲಿ ಎಕರೆಗೆ 5 ಕ್ವಿಂಟಲ್ ಎಂದಿಟ್ಟುಕೊಳ್ಳಿ. ಆ ಬದಿಯಲ್ಲಿ 1,800 ಕ್ವಿಂಟಲ್, ಈ ಬದಿಯಲ್ಲಿ 1,200 ಕ್ವಿಂಟಲ್ ಬೆಳೆ. ಮನೆಗೆ ಇಟ್ಟುಕೊಂಡು, ಕೈಗಡಕ್ಕೆ ಅಡತಿಗೆ ಹಾಕಿ, ಉಳಿದದ್ದರಲ್ಲಿ ಗುಂಪಿಗೆ ಬಂದದ್ದು ಮೂರನೇ ಒಂದು ಪಾಲು: 600 ಮತ್ತು 400 ಕ್ವಿಂಟಲ್.

ಮಿಲ್ಲಿನಲ್ಲಿ 100 ಕ್ವಿಂಟಲ್ ಕಾಳಿಗೆ 72 ಕ್ವಿಂಟಲ್ ಬೇಳೆ ಬಂತು ಎನ್ನೋಣ. ಉಳಿದದ್ದು ಹೊಟ್ಟು, ನುಚ್ಚು, ಚುನಿ. ಆಗ ತಾಂಡೂರಿನ ರಾಶಿಯಿಂದ 432 ಕ್ವಿಂಟಲ್, ಅಂದರೆ ಒಂದು ಕಿಲೋದ 43,200 ಪೊಟ್ಟಣ. ಗುಲ್ಬರ್ಗಾ ರಾಶಿಯಿಂದ 288 ಕ್ವಿಂಟಲ್, ಅಂದರೆ 28,800 ಪೊಟ್ಟಣ. ಆ ಸುಗ್ಗಿಗೆ ಈ ಗುಂಪು ಅಚ್ಚು ಹಾಕಿಸಬಹುದಾದ ಜಿಐ ಚೀಟಿಗಳ ಮೇಲಿನ ಮಿತಿ ಇದೇ. ತಾಂಡೂರು ನೋಂದಣಿ ಕಾಳಿಗೆ ಮಾತ್ರವೋ, ಬೇಳೆಗೂ ಸೇರಿಯೋ ಎಂಬುದನ್ನು ಮೇಲೆ ಹೇಳಿದಂತೆ ಮೊದಲೇ ಓದಿಕೊಂಡಿರಬೇಕು.

ಈಗ ತಪ್ಪು ಹೇಗೆ ನುಸುಳುತ್ತದೆ ನೋಡಿ. ಗಡಿಯ ರೈತ ಹತ್ತಿರದ ಗಂಜಿಗೆ ಹೋಗುತ್ತಾನೆ. ಚಿಂಚೋಳಿ ಕಡೆಯ ಹಳ್ಳಿಯವನಿಗೆ ತಾಂಡೂರು ಮಾರುಕಟ್ಟೆ ಹತ್ತಿರವಾದರೆ ಅಲ್ಲೇ ಹಾಕುತ್ತಾನೆ. ಅಡತಿ ಅಂಗಡಿಯಲ್ಲಿ ಚೀಲಗಳು ಒಂದಕ್ಕೊಂದು ಸೇರಿದ ಕ್ಷಣಕ್ಕೆ ಯಾವ ಕಾಳು ಯಾವ ಹೊಲದ್ದು ಎಂಬ ಗುರುತು ಅಳಿಯಿತು. ತಾಂಡೂರಿನಲ್ಲಿ ಕೊಂಡ ತೊಗರಿ ತಾಂಡೂರಿನಲ್ಲಿ ಬೆಳೆದ ತೊಗರಿಯಲ್ಲ. ಆದ್ದರಿಂದ ಜಿಐ ಹೆಸರಿನಲ್ಲಿ ಮಾರುವ ಕಾಳು ಅಡತಿಗೆ ಹೋಗುವ ಮೊದಲು, ಹೊಲದ ರಾಶಿಯಿಂದಲೇ ಬೇರೆಯಾಗಬೇಕು.

ನಮ್ಮ ಉದಾಹರಣೆಯ ಗುಂಪು ಹೀಗೆ ಮಾಡಬಹುದು. ಎರಡು ಬಣ್ಣದ ಹೊಲಿಗೆ ದಾರ ಇಟ್ಟುಕೊಳ್ಳುವುದು, ಆ ಬದಿಯ ಚೀಲಕ್ಕೆ ಕೆಂಪು, ಈ ಬದಿಯದಕ್ಕೆ ನೀಲಿ. ಪ್ರತಿ ಚೀಲಕ್ಕೆ ಚೀಟಿ: ಸದಸ್ಯರ ಸಂಖ್ಯೆ, ಸರ್ವೆ ನಂಬರ್, ರಾಶಿಯಾದ ದಿನ, ತೂಕ. ಇವೇ ಒಂದು ಪುಸ್ತಕದಲ್ಲೂ ಇರಬೇಕು. ಮಿಲ್ಲಿನಲ್ಲಿ ಒಂದು ಬಣ್ಣದ ಚೀಲಗಳೆಲ್ಲ ಮುಗಿದು ಯಂತ್ರ ಖಾಲಿಯಾದ ಮೇಲೆಯೇ ಇನ್ನೊಂದು ಬಣ್ಣ. ಪೊಟ್ಟಣದ ಮೇಲಿನ ಲಾಟ್ ಸಂಖ್ಯೆಯಿಂದ ಹಿಂದಕ್ಕೆ ಹೋದರೆ ಸರ್ವೆ ನಂಬರ್ ಸಿಗಬೇಕು. ಕೆಂಪು ದಾರದ ಪೊಟ್ಟಣಕ್ಕೆ ತಾಂಡೂರು ಹೆಸರು, ನೀಲಿಯದಕ್ಕೆ ಗುಲ್ಬರ್ಗಾ ಹೆಸರು. ಎರಡರ ಮೇಲೂ ಸಂಘದ ಒಂದೇ ಗುರುತು. ಇದಕ್ಕಾಗಿ ಗುಂಪು ಎರಡು ಜಿಐಗಳಿಗೂ ಬೇರೆ ಬೇರೆ ಅಧಿಕೃತ ಬಳಕೆದಾರ ಅರ್ಜಿ ಹಾಕಿರಬೇಕು. ಎರಡೂ ರಾಶಿ ಬೆರೆತುಹೋದರೆ? ಆಗ ಜಿಐ ಹೆಸರು ಯಾವುದೂ ಇಲ್ಲದೆ ಸಂಘದ ಗುರುತಿನಲ್ಲಷ್ಟೇ ಮಾರಬೇಕು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಮೋಸ ಹಿಡಿಯುವ ಸುಲಭ ದಾರಿಯೂ ಈ ಲೆಕ್ಕವೇ. ತಾಂಡೂರು ಹೆಸರಿನ 43,200 ಪೊಟ್ಟಣಕ್ಕಿಂತ ಹೆಚ್ಚು ಚೀಟಿ ಖರ್ಚಾಗಿದ್ದರೆ ಹೊರಗಿನ ಕಾಳು ಒಳಗೆ ಬಂದಿದೆ ಎಂದರ್ಥ. ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ಮುದ್ರಣದಂಗಡಿಯ ಬಿಲ್ಲು ಮತ್ತು ಖರೀದಿ ಪುಸ್ತಕ ಸಾಕು. ವರ್ಷಕ್ಕೊಮ್ಮೆ ಸದಸ್ಯರ ಸಭೆಯಲ್ಲಿ ಎರಡನ್ನೂ ಪಕ್ಕಪಕ್ಕ ಓದಿ ಹೇಳಿದರೆ ಒಳಗಿನ ಮೋಸವೂ ನಿಲ್ಲುತ್ತದೆ.

ಹೆಸರು ಏನು ಮಾಡಲಾರದು

ಜಿಐ ಬೆಲೆಯನ್ನು ನಿಗದಿ ಮಾಡುವುದಿಲ್ಲ. ಕಾಳನ್ನು ಅಡತಿಗೆ ಬಿಡಿಯಾಗಿ ಹಾಕುವವನಿಗೆ ಹೆಸರಿನಿಂದ ಒಂದು ರೂಪಾಯಿಯೂ ಹೆಚ್ಚು ಬರದಿರಬಹುದು, ಏಕೆಂದರೆ ಕೊಳ್ಳುವವನಿಗೆ ಆ ಹೆಸರು ತಲುಪುವುದೇ ಇಲ್ಲ. ಹೆಸರಿನ ಬೆಲೆ ಇರುವುದು ಮುಚ್ಚಿದ ಪೊಟ್ಟಣದಲ್ಲಿ. ಪೊಟ್ಟಣ ಎಂದ ಮೇಲೆ ಆಹಾರ ಸುರಕ್ಷತೆಯ ನೋಂದಣಿ ಅಥವಾ ಪರವಾನಗಿ, ತೂಕ ಮತ್ತು ದರದ ಮುದ್ರಣ ಎಲ್ಲವೂ ಬೇರೆಯಾಗಿ ಬೇಕು. ಜಿಐ ಅವುಗಳ ಬದಲಿಯಲ್ಲ.

ಜಿಐ ಹೇಗೆ ತಯಾರಾಯಿತು ಎಂಬುದಕ್ಕೂ ತಾನಾಗಿ ಸಾಕ್ಷಿಯಲ್ಲ. ಸೊಲ್ಲಾಪುರದ ಚಾದರ ವಿದ್ಯುತ್ ಮಗ್ಗದ ಊರಿನ ಸರಕು. ಅದರ ಜಿಐ ನೋಡಿ ಕೈಮಗ್ಗದ್ದು ಎಂದುಕೊಂಡರೆ ತಪ್ಪು. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಬೇರೆ ಗುರುತಿದೆ. ಹಾಗೆಯೇ ನಮ್ಮ ಗಡಿಯಾಚೆಯ ಊರಿನಲ್ಲಿ ಇಳಕಲ್ ಸೀರೆಯ ರೀತಿಯಲ್ಲೇ, ಅದೇ ಅಂಚು ಸೆರಗು ಹಾಕಿ ನೇಯುವ ನೇಕಾರರು, ಮಗ್ಗ ಇಳಕಲ್ಲಿನ ಜಿಐ ನಕ್ಷೆಯ ಹೊರಗಿದ್ದರೆ ಆ ಹೆಸರು ಹಾಕುವಂತಿಲ್ಲ. ಅವರ ಕಸುಬು ಅಪ್ಪಟವಾಗಿದ್ದರೂ ಜಿಐ ಕೇಳುವುದು ಮಗ್ಗ ಎಲ್ಲಿದೆ ಎಂದು. ಅಂಥವರಿಗೆ ಸಾಮೂಹಿಕ ಗುರುತೇ ನೇರ ದಾರಿ.

ತಾಂಡೂರಿನ ಹೊಲವೂ ಚಿಂಚೋಳಿಯ ಹೊಲವೂ ಒಂದು ಕಾಲಕ್ಕೆ ಒಂದೇ ಜಿಲ್ಲೆಯ ದಫ್ತರದಲ್ಲಿದ್ದವು. ಈಗ ಅವುಗಳ ತೊಗರಿಗೆ ಎರಡು ಹೆಸರು. ಎರಡನ್ನೂ ಬೆರೆಸದೆ ಕಾಯುವುದು ಎರಡೂ ಬದಿಯ ನಮ್ಮವರ ಹಿತಕ್ಕೇ. ಒಂದು ಹೆಸರು ಕೆಟ್ಟರೆ ಪಕ್ಕದ ಹೆಸರಿನ ಮೇಲೂ ಕೊಳ್ಳುವವರಿಗೆ ಅನುಮಾನ ಬರುತ್ತದೆ.

ಈ ಸುಗ್ಗಿಗೆ ಅರ್ಜಿ ಹಾಕಬೇಕೆಂದಿರುವ ಗುಂಪುಗಳು ಮೊದಲು ಮೂರು ಕೆಲಸ ಮಾಡಿಕೊಂಡು ಬನ್ನಿ: ಜರ್ನಲ್ಲಿನ ನಕ್ಷೆಯ ಪುಟದ ಪ್ರತಿ, ಸದಸ್ಯರ ಸರ್ವೆ ನಂಬರ್‌ಗಳ ಪಟ್ಟಿ, ಕಳೆದ ಸುಗ್ಗಿಯ ಖರೀದಿ ಪುಸ್ತಕ. ಈ ಮೂರು ಕೈಯಲ್ಲಿದ್ದರೆ ಜಿಐ-3 ತುಂಬುವುದು ಒಂದು ಮಧ್ಯಾಹ್ನದ ಕೆಲಸ.